ದುಡ್ಡು ವಾಪಸ್ ಬಂತು, ನಂಬಿಕೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮಸ್ತೆ ಮೇಡಂ. ನಾನೂ ನನ್ನ ಗೆಳತಿಯೂ ಹನುಮಂತನಗರದಲ್ಲಿ ಕಾಂಡಿಮೆಂಟ್ಸ್ ಅಂಗಡಿ ನಡೆಸುತ್ತೇವೆ. ಕಾಲೇಜಿನಿಂದಲೂ ಜೊತೆಗಿದ್ದವರು. ಕಳೆದ ದೀಪಾವಳಿ ಹೊತ್ತಿಗೆ ಒಬ್ಬ ಗಿರಾಕಿ ದುಡ್ಡು ಹಾಕಿದರೂ ಸೌಂಡ್ ಬಾಕ್ಸ್ ಕೂಗಲಿಲ್ಲ. ಅವರ ಮೊಬೈಲ್ ನೋಡಿದರೆ ಗೆಳತಿಯ ಗಂಡನ ಹೆಸರು. ನಮ್ಮ ಕ್ಯೂಆರ್ ಕೋಡ್ ಪಕ್ಕದಲ್ಲೇ ಇನ್ನೊಂದು ಇಟ್ಟಿದ್ದಳು. ಕೇಳಿದಾಗ, "ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ ಹೆದರಿ ಇಟ್ಟೆ ಕಣೇ. ಎರಡು ತಿಂಗಳಷ್ಟೇ, ಅರವತ್ತು ಸಾವಿರ ಇರಬಹುದು" ಅಂದಳು. ಆಮೇಲೆ ಹಳೇ ಗಿರಾಕಿಗಳು, "ಯುಗಾದಿಯಿಂದಲೂ ಅದಕ್ಕೇ ಹಾಕ್ತಿದ್ವಲ್ಲ" ಅಂದರು. ಮತ್ತೆ ಕೇಳಿದೆ. ಏಳು ತಿಂಗಳು, ಒಟ್ಟು 2,86,000 ಅಂತ ಒಪ್ಪಿಕೊಂಡಳು. ಬಳೆ ಗಿರವಿ ಇಟ್ಟು ಅಷ್ಟನ್ನೂ ತಂದುಕೊಟ್ಟಳು, ಅತ್ತಳು. ಈಗ ಎಂಟು ತಿಂಗಳಾಯ್ತು. ದಿನಾ ಸಂಜೆ ಲೆಕ್ಕ ಒಪ್ಪಿಸ್ತಾಳೆ, ಒಂದು ರೂಪಾಯಿ ವ್ಯತ್ಯಾಸ ಇಲ್ಲ. ಆದರೂ ನಾನು ರಾತ್ರಿ ಹನ್ನೊಂದಕ್ಕೆ ಆ್ಯಪ್ ತೆಗೆದು ಒಂದೊಂದೇ ಎಂಟ್ರಿ ನೋಡ್ತೀನಿ. ಮೊನ್ನೆ ಅವಳು "ಇನ್ನೂ ಎಷ್ಟು ದಿನ ಕಣೇ ಹೀಗೆ?" ಅಂದಳು. ನನ್ನದು ಸಣ್ಣ ಮನಸ್ಸಾ? ಇದಕ್ಕೆ ಎಷ್ಟು ಕಾಲ ಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಅರವತ್ತು ಸಾವಿರದ ಸಾಲು. 2,86,000 ಅದರ ಮುಂದೆ ಚಿಕ್ಕದು. ಯಾಕೆ ಹೇಳುತ್ತೇನೆ ಕೇಳಿ.

ನಿಮ್ಮ ಗೆಳತಿ ಎರಡು ಕೆಲಸ ಮಾಡಿದ್ದಾರೆ. ಮೊದಲನೆಯದು ದುಡ್ಡು ತಿರುಗಿಸಿಕೊಂಡದ್ದು. ಎರಡನೆಯದು, ಸಿಕ್ಕಿಬಿದ್ದ ದಿನ ಅರ್ಧ ಸತ್ಯ ಹೇಳಿದ್ದು. ಮೊದಲನೆಯದಕ್ಕೆ ಲೆಕ್ಕ ಇತ್ತು, ಅದನ್ನು ತೀರಿಸಿದರು. ಎರಡನೆಯದಕ್ಕೆ ಲೆಕ್ಕವೇ ಇಲ್ಲ. ಅವರು ಎಲ್ಲ ಹೇಳಿಬಿಟ್ಟರು ಅಂತ ನೀವು ಅಂದುಕೊಂಡ ಗಳಿಗೆಯಲ್ಲೇ ಅವರು ಇನ್ನೂ ಮುಚ್ಚಿಡುತ್ತಿದ್ದರು. ಹಾಗಾಗಿ ಈಗ ಅವರು ನಿಜವಾಗಿ ಎಲ್ಲ ಹೇಳಿದ್ದರೂ, ಅದು ಎಲ್ಲಾನೂ ಹೌದಾ ಅಂತ ತಿಳಿಯಲು ನಿಮ್ಮ ಹತ್ತಿರ ದಾರಿ ಇಲ್ಲ. ರಾತ್ರಿ ಹನ್ನೊಂದು ಗಂಟೆಗೆ ನೀವು ಆ್ಯಪ್‌ನಲ್ಲಿ ಹುಡುಕುತ್ತಿರುವುದು ಇಂದಿನ ಎಂಟ್ರಿಯನ್ನಲ್ಲ ಅಂತ ನನ್ನ ಅನುಮಾನ.

ಅವರು ಕೊಟ್ಟ ಕಾರಣ ನಂಬುವ ಹಾಗೇ ಇತ್ತು, ಅದನ್ನೂ ಹೇಳಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿತ್ತು. ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ನವರು ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದರು. ಆದರೆ ಆ ಕೋಡ್ ನಿಮ್ಮ ಕೌಂಟರ್‌ಗೆ ಬಂದದ್ದು ಯುಗಾದಿಗೆ, ಅಂದರೆ ನೋಟಿಸ್ ಗಲಾಟೆಗೂ ಮೂರು ತಿಂಗಳು ಮೊದಲು. ಸುಳ್ಳು ಹೀಗೆ ಊರಿಗೆಲ್ಲ ಗೊತ್ತಿರುವ ಒಂದು ನಿಜವನ್ನು ಹೊದ್ದುಕೊಂಡು ಬಂದರೆ, ಆಮೇಲೆ ನಿಜ ಕೇಳಿದಾಗಲೂ ಮನಸ್ಸು ತಡೆಯುತ್ತದೆ. (ಇನ್ನೊಬ್ಬರ ಖಾತೆಗೆ ಹಾಕಿಸಿಕೊಂಡರೆ ಅಂಗಡಿಯ ವಹಿವಾಟು ಕಡಿಮೆ ಆಗುವುದೂ ಇಲ್ಲ. ಅದು ನಿಮ್ಮ ಆಡಿಟರ್ ಜೊತೆ ಬೇರೆ ಕೂತು ಮಾತಾಡಬೇಕಾದ ವಿಷಯ.)

ಇದರ ಮೇಲೆ ಒಂದು ಒಳ್ಳೆಯ ಪ್ರಯೋಗ ಇದೆ. ಮಾರಿಸ್ ಶ್ವೈಟ್ಸರ್ ಮತ್ತು ಇನ್ನಿಬ್ಬರು ಸೇರಿ ಮಾಡಿದ್ದು, 2006ರಲ್ಲಿ ಪ್ರಕಟವಾಯಿತು. ಜೋಡಿ ಜೋಡಿಯಾಗಿ ದುಡ್ಡಿನ ಆಟ ಆಡಿಸಿದರು. ಒಬ್ಬರು ತಮ್ಮ ದುಡ್ಡನ್ನು ಇನ್ನೊಬ್ಬರಿಗೆ ಕಳಿಸಿದರೆ ಅದು ಬೆಳೆಯುತ್ತದೆ. ಪಡೆದವರು ಅದನ್ನು ಹಂಚಿಕೊಳ್ಳಬಹುದು, ಇಲ್ಲಾ ಪೂರ್ತಿ ನುಂಗಬಹುದು. ಮೊದಲ ಕೆಲವು ಸುತ್ತು ನುಂಗಿ, ಆಮೇಲೆ ಸತತವಾಗಿ ನ್ಯಾಯವಾಗಿ ನಡೆದುಕೊಂಡವರ ಮೇಲೆ ನಂಬಿಕೆ ನಿಧಾನವಾಗಿ ವಾಪಸ್ ಬಂತು. ಆದರೆ ನುಂಗಿದ್ದರ ಜೊತೆಗೆ ಸುಳ್ಳೂ ಹೇಳಿದ್ದವರ ಮೇಲೆ, ಆಮೇಲೆ ಅಷ್ಟೇ ನ್ಯಾಯವಾಗಿ ನಡೆದುಕೊಂಡರೂ, ನಂಬಿಕೆ ಪೂರ್ತಿ ಮೊದಲಿನ ಮಟ್ಟಕ್ಕೆ ಏರಲಿಲ್ಲ. ಇನ್ನೊಂದು ಸಂಗತಿ: "ಇನ್ನು ಮೇಲೆ ಸರಿಯಾಗಿ ಇರ್ತೀನಿ" ಅಂತ ಮಾತು ಕೊಟ್ಟವರಿಗೆ ಶುರುವಿನಲ್ಲಿ ನಂಬಿಕೆ ಬೇಗ ಸಿಕ್ಕಿತು. ಕೊನೆಗೆ ನೋಡಿದರೆ ಮಾತು ಕೊಟ್ಟವರಿಗೂ ಕೊಡದವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಅದು ಅಪರಿಚಿತರ ನಡುವೆ ಸ್ವಲ್ಪ ಹೊತ್ತು ಆಡಿದ ಆಟ ಅನ್ನುವುದನ್ನು ಮರೆಯಬಾರದು. ಕಾಲೇಜಿನಿಂದ ಬಂದ ಗೆಳೆತನಕ್ಕೆ ಅದನ್ನು ಹಾಗೇ ಅಂಟಿಸಲು ಬರುವುದಿಲ್ಲ. ಆದರೂ ಕಳ್ಳತನದ ಗಾಯ ಬೇರೆ, ಸುಳ್ಳಿನ ಗಾಯ ಬೇರೆ ಅನ್ನುವುದನ್ನು ನಾನು ನನ್ನ ಕೊಠಡಿಯಲ್ಲಿ ಕೂತವರಲ್ಲೂ ಕಾಣುತ್ತಿರುತ್ತೇನೆ.

ಈಗ ಎಂಟು ತಿಂಗಳ ಸರಿಯಾದ ಲೆಕ್ಕಕ್ಕೆ ಬರೋಣ. ಅಷ್ಟು ದಿನ ಒಂದು ರೂಪಾಯಿ ತಪ್ಪದೆ ಒಪ್ಪಿಸಿದ್ದಾರೆ. ಆದರೂ ಅದು ನಿಮಗೆ ತಟ್ಟುತ್ತಿಲ್ಲ. ಇದಕ್ಕೆ ಕಾರಣ ಎರಡು.

ಒಂದು, ನಿಯತ್ತಿನ ವಿಷಯದಲ್ಲಿ ನಾವೆಲ್ಲ ಓರೆ ತಕ್ಕಡಿ ಹಿಡಿದೇ ತೂಗುತ್ತೇವೆ. ನಿಮ್ಮ ಗೆಳತಿ ಒಂದು ಸಲ ಚಕ್ಕುಲಿ ಸೀಯಿಸಿದ್ದರೆ, ಮುಂದಿನ ನಾಲ್ಕು ಸಲ ಗರಿಗರಿಯಾಗಿ ಮಾಡಿದ ಮೇಲೆ ನೀವು ಅದನ್ನು ಮರೆತಿರುತ್ತಿದ್ದಿರಿ. ಕೈಚಳಕ ಇದ್ದವರೇ ಅಷ್ಟು ಚೆನ್ನಾಗಿ ಮಾಡಬಲ್ಲರು, ಒಮ್ಮೆ ಸೀದದ್ದು ಆಕಸ್ಮಿಕ ಅಂತ ಮನಸ್ಸು ಒಪ್ಪುತ್ತದೆ. ನಿಯತ್ತಿನಲ್ಲಿ ಉಲ್ಟಾ. ನಿಯತ್ತಿಲ್ಲದವರೂ ಹೆಚ್ಚಿನ ದಿನ ನಿಯತ್ತಾಗಿಯೇ ಇರುತ್ತಾರಲ್ಲ. ಆ ಏಳು ತಿಂಗಳಲ್ಲೂ ಅವರು ನೂರಾರು ಸಲ ಸರಿಯಾಗಿ ಚಿಲ್ಲರೆ ಕೊಟ್ಟಿದ್ದಾರೆ, ಕೆಲಸದವರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಟ್ಟಿದ್ದಾರೆ. ಆದ್ದರಿಂದ ಒಂದು ಸರಿಯಾದ ದಿನ ಏನನ್ನೂ ಸಾಬೀತು ಮಾಡುವುದಿಲ್ಲ, ಒಂದು ತಪ್ಪು ದಿನ ಬಹಳ ಹೇಳುತ್ತದೆ. ಮನಶ್ಶಾಸ್ತ್ರದಲ್ಲಿ ಇದನ್ನು 1979ರಲ್ಲೇ ರೀಡರ್ ಮತ್ತು ಬ್ರೂವರ್ ಅನ್ನುವವರು ಬಿಡಿಸಿ ಹೇಳಿದ್ದಾರೆ. ಅದನ್ನೇ ಮುಂದೆ ನಂಬಿಕೆ ದುರಸ್ತಿಯ ಅಧ್ಯಯನಗಳು ಎತ್ತಿಕೊಂಡವು. ನಿಮ್ಮ ಮನಸ್ಸು ಸಣ್ಣದಾಗಿದೆ ಅಂತ ನಿಮಗನ್ನಿಸಿದ ಜಾಗದಲ್ಲಿ, ಅದು ಎಲ್ಲರ ಮನಸ್ಸೂ ಮಾಡುವ ಲೆಕ್ಕವನ್ನೇ ಮಾಡುತ್ತಿದೆ.

ಎರಡನೆಯ ಕಾರಣ ಇನ್ನೂ ಮುಖ್ಯ. ಅವರು ಸರಿಯಾಗಿರುವುದು ನೀವು ನೋಡುತ್ತಿರುವಾಗ. ದಿನಾ ಸಂಜೆ ಲೆಕ್ಕ ಕೇಳುತ್ತೀರಿ ಅಂತ ಅವರಿಗೆ ಗೊತ್ತು. ರಾತ್ರಿ ಆ್ಯಪ್ ತೆಗೆಯುತ್ತೀರಿ ಅಂತಲೂ ಗೊತ್ತು. ಹಾಗಿದ್ದಾಗ ಲೆಕ್ಕ ತಾಳೆಯಾದರೆ ಅದರ ಕೀರ್ತಿ ಯಾರಿಗೆ ಹೋಗುತ್ತದೆ? ತಪಾಸಣೆಗೆ. ಗೆಳತಿಗೆ ಹೋಗುವುದಿಲ್ಲ. ದೀಪಕ್ ಮಲ್ಹೋತ್ರಾ ಮತ್ತು ಕೀತ್ ಮರ್ನಿಘನ್ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಂಡಿತು. ಬಿಗಿಯಾದ ಒಪ್ಪಂದದಿಂದ ಕಟ್ಟಿಹಾಕಿದಾಗ ಎರಡೂ ಕಡೆಯವರು ಸರಿಯಾಗಿಯೇ ನಡೆದುಕೊಂಡರು. ಆದರೆ ಒಪ್ಪಂದ ತೆಗೆದ ಕೂಡಲೇ ನಂಬಿಕೆ ಕುಸಿಯಿತು. ಅಷ್ಟು ಹೊತ್ತು ಅವರು ಸರಿಯಾಗಿದ್ದದ್ದು ಒಪ್ಪಂದದ ಭಯಕ್ಕೆ ಅಂತಲೇ ಎದುರಿನವರು ಓದಿಕೊಂಡಿದ್ದರು.

ನೀವು ಸಿಕ್ಕಿಕೊಂಡಿರುವ ಗಂಟು ಇದೇ. ತಪಾಸಣೆ ಮಾಡಿದರೆ ದುಡ್ಡು ಭದ್ರ, ಆದರೆ ಗೆಳತಿ ಎಂಥವರು ಅನ್ನುವುದಕ್ಕೆ ಹೊಸ ಸಾಕ್ಷಿ ಹುಟ್ಟುವುದಿಲ್ಲ. ಬಿಟ್ಟರೆ ಸಾಕ್ಷಿ ಹುಟ್ಟಬಹುದು, ಆದರೆ ಅಪಾಯ ನಿಮ್ಮ ತಲೆ ಮೇಲೆ. ಹೀಗಾಗಿಯೇ ಎಂಟು ತಿಂಗಳು ಕಳೆದರೂ ನೀವು ಅದೇ ಜಾಗದಲ್ಲಿ ನಿಂತಿದ್ದೀರಿ. ಇದೇ ರೀತಿ ಇನ್ನೂ ಎಂಟು ತಿಂಗಳು ಹೋದರೂ ಜಾಸ್ತಿ ಏನೂ ಬದಲಾಗುವುದಿಲ್ಲ.

ಎಷ್ಟು ಕಾಲ ಅಂತ ಕೇಳಿದ್ದೀರಿ. ದಿನ ಎಣಿಸಿ ಉಪಯೋಗ ಇಲ್ಲ, ಸಂದರ್ಭಗಳನ್ನು ಎಣಿಸಬೇಕು. ನಂಬಿಕೆಗೆ ಸಾಕ್ಷಿಯಾಗುವ ಸಂದರ್ಭದಲ್ಲಿ ಮೂರು ಸೇರಿರಬೇಕು. ಅವರಿಗೆ ಮುಚ್ಚಿಡಲು ಅವಕಾಶ ಇತ್ತು. ಮುಚ್ಚಿಟ್ಟಿದ್ದರೆ ನಿಮಗೆ ಬಹುಶಃ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಿದ್ದರಿಂದ ಅವರಿಗೆ ಏನೋ ಒಂದು ನಷ್ಟ ಆಯಿತು, ದುಡ್ಡೋ, ಮರ್ಯಾದೆಯೋ. ಮೂರೂ ಒಟ್ಟಿಗೆ ಬರುವ ದಿನ ವರ್ಷದಲ್ಲಿ ಎಷ್ಟು ಇರುತ್ತವೆ ಹೇಳಿ? ನಿಮ್ಮ ವ್ಯಾಪಾರದಲ್ಲಿ ಮಾಮೂಲಿ ಮಂಗಳವಾರ ನಿಪ್ಪಟ್ಟು, ಚಟ್ನಿಪುಡಿ ಹೋಗುತ್ತದೆ, ಅಲ್ಲಿ ಪರೀಕ್ಷೆಯೇ ಇಲ್ಲ. ವರಮಹಾಲಕ್ಷ್ಮಿ, ಗೌರಿ-ಗಣೇಶ, ದೀಪಾವಳಿ, ಸಂಕ್ರಾಂತಿಯ ಎಳ್ಳು-ಬೆಲ್ಲ, ಯುಗಾದಿಯ ಒಬ್ಬಟ್ಟಿನ ಆರ್ಡರ್: ಆಗ ಗಲ್ಲಾ ತುಂಬಿರುತ್ತದೆ, ಗಲಾಟೆಯಲ್ಲಿ ಯಾರಿಗೂ ಲೆಕ್ಕ ಇರುವುದಿಲ್ಲ, ಅಡ್ವಾನ್ಸ್ ಕೈಯಿಂದ ಕೈಗೆ ಬರುತ್ತದೆ. ನಿಜವಾದ ಪರೀಕ್ಷೆ ಅಲ್ಲಿ. ವರ್ಷಕ್ಕೆ ಐದಾರು ಸಲ ಅಷ್ಟೇ. ನಂಬಿಕೆ ನಿಧಾನ ಆಗುವುದು ಕಾಲ ಗಾಯ ಮಾಯಿಸುತ್ತದೆ ಅಂತ ಅಲ್ಲ, ಇಂಥ ಸಂದರ್ಭಗಳು ತಾವಾಗಿ ಬರುವವರೆಗೆ ಕಾಯಬೇಕಲ್ಲ, ಅದಕ್ಕೆ.

ಇನ್ನೊಂದು ಥರದ ಪರೀಕ್ಷೆಯೂ ಇದೆ, ಅದು ಹಬ್ಬದ ಪಟ್ಟಿಯಲ್ಲಿ ಇರುವುದಿಲ್ಲ. ಅವರು ಆ ದುಡ್ಡು ಯಾಕೆ ತೆಗೆದರು ಅಂತ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಕೇಳಿದ್ದೀರಾ? ಗಂಡನ ಕೈಸಾಲವೋ, ಮುರಿದುಬಿದ್ದ ಚೀಟಿಯೋ, ಮಕ್ಕಳ ಸ್ಕೂಲ್ ಫೀಸೋ? ಸುಮ್ನೆ ಆಸೆಗೆ ತೆಗೆದವರೂ ಇದ್ದಾರೆ. ಆದರೆ ಇಂಥ ಕೇಸುಗಳಲ್ಲಿ ಹೆಚ್ಚಾಗಿ ಕಾಣುವುದು ಒಂದು ಒತ್ತಡ, ಅದನ್ನು ಹೇಳಿಕೊಳ್ಳಲು ನಾಚಿಕೆ. ಆ ಒತ್ತಡ ಈಗ ಹೋಗಿದೆಯಾ? ಬಳೆ ಗಿರವಿಯಲ್ಲಿದೆ ಅಂದರೆ ಅದಕ್ಕೂ ಬಡ್ಡಿ ಓಡುತ್ತಿದೆ. ಅವರ ಮನೆಯ ಕಷ್ಟ ಕಡಿಮೆ ಆಗುವ ಬದಲು ಒಂದು ಹೊರೆ ಜಾಸ್ತಿಯೇ ಆಗಿರಬಹುದು. ಅದೇ ಒತ್ತಡ ಮತ್ತೆ ಬಂದಾಗ ಅವರು ಏನು ಮಾಡುತ್ತಾರೆ ಅನ್ನುವುದು ಎಂಟು ತಿಂಗಳ ತಾಳೆಯಾದ ಲೆಕ್ಕಕ್ಕಿಂತ ಹೆಚ್ಚು ಹೇಳುತ್ತದೆ. ಬಡ್ಡಿ ಕಟ್ಟಲಾಗದ ತಿಂಗಳು ಅವರೇ ಬಂದು, "ಈ ತಿಂಗಳು ಕಷ್ಟ ಇದೆ, ನನ್ನ ಪಾಲಿಂದ ಹತ್ತು ಸಾವಿರ ಮುಂಗಡ ತಗೊಳ್ಲಾ?" ಅಂತ ಕೇಳಿದರೆ ಅದನ್ನು ಹಗುರವಾಗಿ ತಗೊಳ್ಳಬೇಡಿ. ಕಳೆದ ಸಲ ಅವರ ಬಾಯಿಗೆ ಬಾರದೆ ಉಳಿದ ಮಾತು ಅದು.

ವಿವರ ಬದಲಿಸಿ ಒಂದು ಕೇಸ್ ಹೇಳುತ್ತೇನೆ. ಪೀಣ್ಯದಲ್ಲಿ ಇಬ್ಬರು ಗೆಳೆಯರು ಲೇತ್ ಮತ್ತು ಸಿಎನ್‌ಸಿ ಮಿಷನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಿದ್ದರು. ಕಬ್ಬಿಣದ ಸ್ಕ್ರ್ಯಾಪ್ ಮಾರಿದ ದುಡ್ಡಿನಲ್ಲಿ ಒಬ್ಬ ಸ್ವಲ್ಪ ಸ್ವಲ್ಪವೇ ಜೇಬಿಗೆ ಇಳಿಸುತ್ತಿದ್ದ. ಗೊತ್ತಾದ ಮೇಲೆ ತೂಕದ ಚೀಟಿಗೆ ಇಬ್ಬರ ಸಹಿ ಬೇಕು ಅಂತ ಮಾಡಿಕೊಂಡರು. ವರ್ಷದ ಮೇಲೂ ಚೀಟಿಗಳೆಲ್ಲ ತಾಳೆಯಾದವು. ಮೋಸ ಹೋದವರು ನನ್ನ ಮುಂದೆ ಕೂತು, "ಎಲ್ಲಾ ಸರಿ ಇದೆ ಮೇಡಂ, ಆದ್ರೆ ಎದೆಗೆ ಇಳೀತಿಲ್ಲ" ಅನ್ನುತ್ತಿದ್ದರು. ಆಮೇಲೆ ಅವರ ತಂದೆ ತೀರಿಕೊಂಡರು, ಹದಿನೈದು ದಿನ ಊರಲ್ಲಿ ಇರಬೇಕಾಯಿತು. ಆಗ ಒಂದು ಸಂಜೆ ಪಾರ್ಟ್‌ನರ್ ಫೋನ್ ಮಾಡಿದ. "ಪ್ರೋಗ್ರಾಂ ಹಾಕೋವಾಗ ನನ್ನಿಂದ ತಪ್ಪಾಯ್ತು. ಟೂಲ್ ಹೋಗಿ ಚಕ್‌ಗೆ ಬಡಿದಿದೆ. ಹದಿನಾಲ್ಕು ಸಾವಿರ ಖರ್ಚು ಬೀಳುತ್ತೆ. ಹುಡುಗನ ಮೇಲೆ ಹಾಕಬೇಡ, ನನ್ನ ಪಾಲಲ್ಲಿ ಹಿಡ್ಕೋ." ಆ ಹೊತ್ತು ಅಲ್ಲಿ ಇದ್ದದ್ದು ಒಬ್ಬ ಹೆಲ್ಪರ್ ಹುಡುಗ. ಅವನ ಮೇಲೆ ಹೇಳಿದ್ದರೆ ಮುಗಿದೇಹೋಗುತ್ತಿತ್ತು.

ಈ ಫೋನಿಗೂ ಸ್ಕ್ರ್ಯಾಪಿಗೂ ಸಂಬಂಧ ಇಲ್ಲ, ಗಮನಿಸಿ. ಆದರೂ ನಂಬಿಕೆ ಜರುಗಿದ್ದು ಅಲ್ಲಿಂದ. ಮೂರೂ ಲಕ್ಷಣ ಅದರಲ್ಲಿ ಇದ್ದವು. ಹಾಗಂತ ಅಲ್ಲಿಗೇ ಎಲ್ಲ ಸರಿಹೋಗಲಿಲ್ಲ. ಊರಿಂದ ಬಂದ ಮೇಲೆ ಒಂದು ತೂಕದ ಚೀಟಿ ಕಾಣಲಿಲ್ಲ ಅಂತ ಅವರು ಮತ್ತೆ ರಾತ್ರಿಯೆಲ್ಲ ಎದ್ದು ಕೂತಿದ್ದರು. ಬೆಳಗ್ಗೆ ಚೀಟಿ ಫೈಲಿನಲ್ಲೇ ಸಿಕ್ಕಿತು.

ಈ ರಾತ್ರಿ ಎಚ್ಚರದ ಬಗ್ಗೆ ಎರಡು ಮಾತು. ಕೌಂಟರ್ ಹತ್ತಿರ ಸೌಂಡ್ ಬಾಕ್ಸ್ ಒಂದು ಗಳಿಗೆ ತಡವಾಗಿ ಕೂಗಿದರೂ ನಿಮ್ಮ ಹೊಟ್ಟೆ ಧಸಕ್ ಅನ್ನಬಹುದು. ನೆಟ್‌ವರ್ಕ್ ಇಲ್ಲದಿದ್ದರೆ ಅದು ತಡ ಮಾಡುತ್ತದೆ, ನಿಮಗೂ ಗೊತ್ತು, ಆದರೂ ದೇಹ ಕೇಳುವುದಿಲ್ಲ. ಕಲಿತ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಅನುಭವ ಕೂರುತ್ತದೆ ಅನ್ನುವುದು ಭಯದ ಕಲಿಕೆಯ ಮೇಲಿನ ಹಲವು ದಶಕದ ಅಧ್ಯಯನಗಳಿಂದ ತಿಳಿದದ್ದು. ಅದೇ ಜಾಗ, ಅದೇ ಸದ್ದು ಸಿಕ್ಕಾಗ ಹಳೆಯದು ಮೇಲೆ ಬರುತ್ತದೆ. ಹಾಗಾಗಿ ಆ ಧಸಕ್ ಅನ್ನು ಗೆಳತಿಯ ವಿರುದ್ಧದ ಸಾಕ್ಷಿ ಅಂತ ಬರೆದುಕೊಳ್ಳಬೇಡಿ. ಅದು ಕಳೆದ ದೀಪಾವಳಿಯ ಸುದ್ದಿ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ಮೊದಲ ಕೆಲಸ ಬಾಕಿ ಉಳಿದಿದೆ ಅಂತ ನನಗೆ ಕಾಣುತ್ತದೆ. 2,86,000 ಅನ್ನುವ ಮೊತ್ತ ಯಾರು ಕೂಡಿದ್ದು? ನಿಮ್ಮ ಪತ್ರದ ಪ್ರಕಾರ ಅವರೇ ಹೇಳಿದ್ದು. ಮೊದಲು ಅರವತ್ತು ಸಾವಿರ ಅಂದಿದ್ದೂ ಅವರೇ. ಅವರ ಗಂಡನ ಖಾತೆಯ ಆ ಏಳು ತಿಂಗಳ, ಅದಕ್ಕೂ ಹಿಂದಿನ ಒಂದೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ನಿಮ್ಮಿಬ್ಬರ ಮುಂದೆ, ಆಡಿಟರ್ ಅಥವಾ ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಮುಂದೆ, ಒಂದು ಸಲ ಪೂರ್ತಿ ಬಿಚ್ಚಬೇಕು. ಒಂದೇ ಕೂತಿನಲ್ಲಿ. ಇದು ಬಹಳ ಮುಖ್ಯ. ಸತ್ಯ ಕಂತಿನಲ್ಲಿ ಬಂದರೆ ಪ್ರತಿ ಕಂತೂ ಹೊಸ ಮೋಸದ ಹಾಗೆ ಬಡಿಯುತ್ತದೆ, ಅಲ್ಲಿಯವರೆಗೆ ಕೂಡಿದ್ದೂ ಸೊನ್ನೆಗೆ ಇಳಿಯುತ್ತದೆ. ಮೊತ್ತ ಮೂರು ಲಕ್ಷ ಅಂತಲೇ ಬರಲಿ, ಒಂದೇ ಸಲ ಬಂದರೆ ಅದನ್ನು ತಡೆದುಕೊಳ್ಳಬಹುದು. ಹತ್ತು ಸಾವಿರ ಹತ್ತು ಸಾವಿರವಾಗಿ ಬಂದರೆ ಯಾರಿಂದಲೂ ಆಗುವುದಿಲ್ಲ.

ಇದನ್ನು ಕೇಳಲು ಸಂಕೋಚ ಆಗುತ್ತದೆ ಅಂತ ಗೊತ್ತು. ನಿಮಗೆ ಇದು ತಿಳಿದಿರಲಿ: 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಪಾಲುದಾರರು ಒಬ್ಬರಿಗೊಬ್ಬರು ನಿಷ್ಠರಾಗಿರಬೇಕು, ನಿಜವಾದ ಲೆಕ್ಕ, ಪೂರ್ತಿ ಮಾಹಿತಿ ಕೊಡಬೇಕು. ಸಂಸ್ಥೆಯ ಲೆಕ್ಕದ ಪುಸ್ತಕ ನೋಡುವ, ನಕಲು ತೆಗೆದುಕೊಳ್ಳುವ ಹಕ್ಕು 12ನೇ ಸೆಕ್ಷನ್‌ನಲ್ಲಿ ಇದೆ. ಇದು ಯಾರೂ ಯಾರಿಗೂ ಮೋಸ ಮಾಡದ ಅಂಗಡಿಗೂ ಅನ್ವಯ. ಗಂಡನ ಖಾತೆ ಸಂಸ್ಥೆಯ ಪುಸ್ತಕ ಅಲ್ಲ, ಅದನ್ನು ಅವರು ಮನಸ್ಸು ಮಾಡಿ ತೋರಿಸಬೇಕು. ಅದಕ್ಕೇ ಅದು ಒಳ್ಳೆಯ ಪರೀಕ್ಷೆಯೂ ಹೌದು. ಜಪಾನಿನ ನಕಯಾಚಿ ಮತ್ತು ವತಾಬೆ 2005ರಲ್ಲಿ ತೋರಿಸಿದ್ದು ಇದನ್ನೇ. ತಪ್ಪು ಮಾಡಿದವರು ತಾವಾಗಿಯೇ ಮುಂದೆ ಬಂದು ತಮ್ಮ ಮೇಲೆ ನಿಗಾ, ದಂಡ ಹಾಕಿಕೊಂಡರೆ ನಂಬಿಕೆ ಏರುತ್ತದೆ. ಅದೇ ನಿಗಾ ಬಲವಂತದಿಂದ ಬಂದರೆ ಆ ಗುಣ ಇರುವುದಿಲ್ಲ. ಹಾಗಾಗಿ "ಎಲ್ಲ ಒಂದು ಸಲ ಮುಗಿಸಿಬಿಡೋಣ, ಹೇಗೆ ಅಂತ ನೀನೇ ಹೇಳು" ಅಂತ ಬಿಟ್ಟು ನೋಡಿ. ಸ್ಟೇಟ್‌ಮೆಂಟ್ ಅವರ ಬಾಯಿಂದ ಮೊದಲು ಬಂದರೆ ಅದರ ತೂಕವೇ ಬೇರೆ. ಬರದಿದ್ದರೆ ನೀವೇ ಕೇಳಿ, ತಪ್ಪೇನಿಲ್ಲ.

ಆದ ಮೇಲೆ ರಾತ್ರಿ ಹನ್ನೊಂದರ ತಪಾಸಣೆ ನಿಲ್ಲಿಸಿ. ಅದು ಕದ್ದು ನೋಡುವುದು, ಅದರಿಂದ ನಿಮಗೂ ನಿದ್ದೆ ಇಲ್ಲ, ಅವರಿಗೂ ಅವಮಾನ. ಅದರ ಬದಲು ಯಾರೂ ನಿಂತು ಕಾಯಬೇಕಿಲ್ಲದ ವ್ಯವಸ್ಥೆ ಮಾಡಿಕೊಳ್ಳಿ. ಅಂಗಡಿಯ ಹೆಸರಿನಲ್ಲಿ ಒಂದೇ ಕರೆಂಟ್ ಅಕೌಂಟ್, ಅದಕ್ಕೆ ಸೇರಿದ ಒಂದೇ ಕೋಡ್, ಮೆಸೇಜ್ ಇಬ್ಬರ ಮೊಬೈಲಿಗೂ. ದೊಡ್ಡ ಮೊತ್ತ ತೆಗೆಯಲು ಇಬ್ಬರ ಸಹಿ. ಹಬ್ಬದ ಅಡ್ವಾನ್ಸ್‌ಗೆ ನಂಬರ್ ಇರುವ ರಸೀದಿ ಪುಸ್ತಕ. ಭಾನುವಾರ ಸಂಜೆ ಇಬ್ಬರೂ ಕೂತು ಒಂದು ತಾಳೆ ನೋಡಿ: ಎಷ್ಟು ಕೆಜಿ ಪ್ಯಾಕ್ ಆಯಿತು, ಎಷ್ಟು ಉಳಿದಿದೆ, ಹೋದದ್ದಕ್ಕೆ ದುಡ್ಡು ಎಷ್ಟು ಬರಬೇಕಿತ್ತು, ಎಷ್ಟು ಬಂದಿದೆ. ಕೌಂಟರ್ ಮೇಲೆ ಎಷ್ಟು ಕೋಡ್ ಇಟ್ಟರೂ ಚಕ್ಕುಲಿಯ ತೂಕ ಸುಳ್ಳು ಹೇಳುವುದಿಲ್ಲ, ಆ ಏಳು ತಿಂಗಳು ಈ ಒಂದು ಲೆಕ್ಕ ಇದ್ದಿದ್ದರೆ ಮೊದಲ ತಿಂಗಳೇ ಗೊತ್ತಾಗುತ್ತಿತ್ತು. ನಿಮ್ಮ ಪಾಲಿನ ಮಾಲಿಗೂ ಇದೇ ನಿಯಮ ಇರಲಿ.

ಮತ್ತೆ ಇದನ್ನು ಸಡಿಲಿಸುವುದು ಯಾವಾಗ? ದಿನಾಂಕ ಇಟ್ಟುಕೊಳ್ಳಬೇಡಿ. ಮೂರು ಲಕ್ಷಣದ ಸಂದರ್ಭ ಒಂದು ಬಂದು, ಅವರು ಅದರಲ್ಲಿ ನಿಂತರೆ ಒಂದನ್ನು ಮಾತ್ರ ಸಡಿಲಿಸಿ. ಭಾನುವಾರದ ತಾಳೆಯನ್ನು ತಿಂಗಳಿಗೊಮ್ಮೆ ಮಾಡಬಹುದು, ಅಥವಾ ಒಂದು ಹಬ್ಬದ ಕೌಂಟರ್ ಪೂರ್ತಿ ಅವರಿಗೆ ಬಿಡಬಹುದು. ಸಡಿಲಿಸಿದ ಮೇಲೆ ಅಲ್ಲಿ ಮತ್ತೆ ಇಣುಕಬೇಡಿ. ಹಾಗೆ ಬಿಟ್ಟ ಜಾಗದಲ್ಲಷ್ಟೇ ಹೊಸ ಸಾಕ್ಷಿ ಬೆಳೆಯುವುದು. ಇಬ್ಬರ ಸಹಿ, ಒಂದೇ ಖಾತೆ, ಇವೆರಡನ್ನು ನಾನಾದರೆ ಯಾವತ್ತೂ ಸಡಿಲಿಸುವುದಿಲ್ಲ. ಅವು ವ್ಯಾಪಾರದ ಮಾಮೂಲಿ ಶಿಸ್ತು, ಶಿಕ್ಷೆ ಅಲ್ಲ.

"ಇನ್ನೂ ಎಷ್ಟು ದಿನ" ಅನ್ನುವ ಮಾತಿಗೆ ಸಿಟ್ಟು ಮಾಡಿಕೊಳ್ಳಬೇಡಿ. ಕೆಲವರು ಅದನ್ನು ಪಶ್ಚಾತ್ತಾಪ ಮುಗಿದ ಗುರುತು ಅಂತ ಓದುತ್ತಾರೆ. ಹಾಗೂ ಇರಬಹುದು, ಬರೀ ದಣಿವೂ ಇರಬಹುದು. ಎಂಟು ತಿಂಗಳು ಯಾವ ಗುರಿ ಮುಟ್ಟಬೇಕು ಅಂತ ಗೊತ್ತಿಲ್ಲದೆ ದಿನಾ ಲೆಕ್ಕ ಒಪ್ಪಿಸುವವರಿಗೆ ಸುಸ್ತಾಗದೆ ಇರುತ್ತಾ? ಗುರಿ ಏನು ಅಂತ ಹೇಳಿ. "ದಿನ ಎಷ್ಟು ಅಂತ ನನಗೂ ಗೊತ್ತಿಲ್ಲ ಕಣೇ. ನನಗೆ ಬೇಕಾಗಿರೋದು, ಏನಾದರೂ ಎಡವಟ್ಟಾದರೆ ನಾನು ಕಂಡುಹಿಡಿಯೋಕೆ ಮುಂಚೆ ನೀನು ಹೇಳೋದು." ಇಷ್ಟು ಸಾಕು. ಕ್ಷಮೆ ಕೇಳುವುದರ ಬಗ್ಗೆಯೂ ಒಂದು ಮಾತು. ರಾಯ್ ಲೆವಿಕ್ಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮಾಪಣೆಯನ್ನು ಆರು ಭಾಗ ಮಾಡಿ ಯಾವುದಕ್ಕೆ ಬಲ ಜಾಸ್ತಿ ಅಂತ ನೋಡಿದರು. "ತಪ್ಪು ನನ್ನದೇ" ಅಂತ ಹೊಣೆ ಹೊರುವುದು ಮೊದಲು ಬಂತು. ಸರಿಪಡಿಸಿಕೊಡುತ್ತೇನೆ ಅನ್ನುವುದು ಅದರ ನಂತರ. "ಕ್ಷಮಿಸಿಬಿಡು" ಅಂತ ಬೇಡುವುದು ಕೊನೆಗೆ. ನಿಮ್ಮ ಗೆಳತಿ ಸರಿಪಡಿಸಿದ್ದಾರೆ, ಅತ್ತಿದ್ದಾರೆ. ಹೊಣೆ ಮಾತ್ರ ಇನ್ನೂ ಜಿಎಸ್‌ಟಿ ನೋಟಿಸಿನ ಮೇಲೆ ಉಳಿದಿದೆಯೋ ಏನೋ, ನೋಡಿ.

ನಿಮ್ಮ ಕಡೆಯಿಂದಲೂ ಒಂದು ಎಚ್ಚರ ಬೇಕು. ಕಡಲೆಕಾಯಿ ಬೀಜದ ರೇಟಿಗೋ, ಕೆಲಸದವಳ ರಜಕ್ಕೋ ಜಗಳ ಬಂದಾಗ ಹಳೇ ಕೋಡ್ ಎತ್ತಬೇಡಿ. ಕೆಲಸದವರ ಮುಂದೆ, ಅವರ ಅತ್ತೆಯ ಮುಂದೆ ಅಂತೂ ಬೇಡವೇ ಬೇಡ. ಅದನ್ನು ಒಮ್ಮೆ ಆಯುಧ ಮಾಡಿಕೊಂಡರೆ ಅವರು ಸಣ್ಣ ಸಣ್ಣ ತಪ್ಪನ್ನೂ ಮುಚ್ಚಿಡಲು ಕಲಿಯುತ್ತಾರೆ. ಎಣ್ಣೆ ಟಿನ್ ಚೆಲ್ಲಿದ್ದನ್ನೂ ಹೇಳದ ಹಾಗೆ ಆದರೆ, ನೀವು ಕಾಯುತ್ತಿರುವ ಸಾಕ್ಷಿ ಹುಟ್ಟುವ ದಾರಿಯನ್ನು ನೀವೇ ಮುಚ್ಚಿದ ಹಾಗಾಯಿತು.

ಇದು ಕೂಡಿಬರದೆ ಹೋಗಬಹುದು, ಅದೂ ಗೊತ್ತಿರಲಿ. ಸ್ಟೇಟ್‌ಮೆಂಟ್ ಕೇಳಿದಾಗ ಬ್ಯಾಂಕ್ ಆ್ಯಪ್ ತೆರೆಯುತ್ತಿಲ್ಲ, ಗಂಡ ಒಪ್ಪುತ್ತಿಲ್ಲ ಅಂತ ವಾರಗಟ್ಟಲೆ ಎಳೆದರೆ ಒಂದು ಗುರುತು. ಒಂದೊಂದು ನಿಯಮಕ್ಕೂ ಚೌಕಾಸಿ ನಡೆದರೆ ಇನ್ನೊಂದು. ಎಲ್ಲಕ್ಕಿಂತ ದೊಡ್ಡದು, ಹೊಸ ವಿಷಯ ಮತ್ತೆ ನೀವೇ ಕಂಡುಹಿಡಿದದ್ದಾಗಿದ್ದರೆ. ಮೊತ್ತ ಎಷ್ಟೇ ಚಿಕ್ಕದಿರಲಿ, ಆಗ ಪಾಲುದಾರಿಕೆ ಬಿಡುವುದೇ ಲೇಸು ಅಂತ ನಾನು ಹೇಳುತ್ತೇನೆ. ನಿಮ್ಮ ಒಪ್ಪಂದದಲ್ಲಿ ಅವಧಿ ಗೊತ್ತುಮಾಡದೆ, ಯಾವಾಗ ಬೇಕಾದರೂ ಬಿಡಬಹುದಾದ ಪಾಲುದಾರಿಕೆ ಆಗಿದ್ದರೆ, 43ನೇ ಸೆಕ್ಷನ್ ಪ್ರಕಾರ ಬರಹದಲ್ಲಿ ನೋಟಿಸ್ ಕೊಟ್ಟು ಮುಗಿಸಬಹುದು. ವಕೀಲರಿಗೆ ನಿಮ್ಮ ಪಾಲುದಾರಿಕೆ ಒಪ್ಪಂದದ ಪತ್ರ ಒಮ್ಮೆ ತೋರಿಸಿ.

ಅಂಗಡಿ ಬಿಟ್ಟರೆ ಗೆಳೆತನವೂ ಬಿಡಬೇಕು ಅಂತೇನಿಲ್ಲ. ನಂಬಿಕೆ ಒಂದೇ ಗಟ್ಟಿ ಉಂಡೆಯಲ್ಲ. ನಿಮಗೆ ಹುಷಾರಿಲ್ಲ ಅಂದರೆ ಅವರು ರಾತ್ರಿ ಎರಡು ಗಂಟೆಗೆ ಓಡಿ ಬರುತ್ತಾರೆ ಅಂತ ನೀವು ಇವತ್ತೂ ನಂಬುತ್ತೀರಾ? ನಿಮ್ಮ ಮಗುವನ್ನು ಅವರ ಮನೆಯಲ್ಲಿ ಬಿಟ್ಟು ಹೋಗುತ್ತೀರಾ? ಹೌದು ಅಂತಾದರೆ ನಿಮ್ಮ ಮೇಲೆ ಅವರಿಗಿರುವ ಪ್ರೀತಿಯ ಮೇಲಿನ ನಂಬಿಕೆ ಉಳಿದಿದೆ, ದುಡ್ಡಿನ ವಿಷಯದ್ದು ಮಾತ್ರ ಹೋಗಿದೆ. ಎಷ್ಟೋ ಜನ ಇವೆರಡನ್ನು ಒಟ್ಟಿಗೆ ಕಟ್ಟಿ, ಒಂದನ್ನು ಉಳಿಸಲು ಹೋಗಿ ಎರಡನ್ನೂ ಕಳೆದುಕೊಳ್ಳುತ್ತಾರೆ. ಗಲ್ಲಾ ಹಂಚಿಕೊಳ್ಳದೆಯೂ ಗೆಳತಿಯರಾಗಿ ಉಳಿದವರನ್ನು ನಾನು ಕಂಡಿದ್ದೇನೆ. ನಿದ್ದೆಗೆಟ್ಟು ಕೆಲಸಕ್ಕೇ ತೊಂದರೆ ಆಗುವ ಮಟ್ಟಕ್ಕೆ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ವರಮಹಾಲಕ್ಷ್ಮಿ ಆರ್ಡರ್ ಶುರುವಾಗುವ ಮೊದಲು ಆ ಸ್ಟೇಟ್‌ಮೆಂಟಿನ ಕೂತು ಮುಗಿಸಿಕೊಳ್ಳಿ. ಹಬ್ಬದ ಗಲಾಟೆಯಲ್ಲಿ ಆ ಮಾತು ಎತ್ತಿದರೆ ಅದು ಜಗಳವಾಗುತ್ತದೆ. ಅಂಗಡಿಯಲ್ಲಿ ಬೇಡ, ಇಬ್ಬರ ಮನೆಯಲ್ಲೂ ಬೇಡ, ಆಡಿಟರ್ ಆಫೀಸಿನಲ್ಲಿ ಇಟ್ಟುಕೊಳ್ಳಿ.